ಎರಡು ಆದಾಯ, ಒಂದೇ ಕೊಳವೆಬಾವಿ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರೇಷ್ಮೆ ಮತ್ತು ಹಾಲು ಒಂದೇ ಮನೆಯಲ್ಲಿ ಇರುವುದು ಹಳೆಯ ರೂಢಿ. ಚಾಕಿ ಹುಳು ತಂದ ಮೇಲೆ ಸೊಪ್ಪು ಹಾಕಿ, ಗೂಡು ಕಟ್ಟಿಸಿ ಮಾರಿದರೆ ಒಟ್ಟಿಗೆ ಹಣ ಬರುತ್ತದೆ. ಡೇರಿಯ ಬಟವಾಡೆ ಚಿಕ್ಕದು, ಆದರೆ ತಪ್ಪದೆ ಬರುತ್ತದೆ. ಹುಳು ತಿಂದುಳಿದ ಸೊಪ್ಪು, ಕಡ್ಡಿ ಹಸುವಿಗೆ ಮೇವು. ಹಸುವಿನ ಗೊಬ್ಬರ ಹಿಪ್ಪುನೇರಳೆ ತೋಟಕ್ಕೆ.

ಒಂದು ಮನೆಯ ಲೆಕ್ಕ ಹಾಕೋಣ. ನೂರು ಮೊಟ್ಟೆಯ ಹುಳು ಮೇಯಿಸಿ 70 ಕಿಲೋ ಗೂಡು ಬಂದು, ಕಿಲೋಗೆ 450 ರೂಪಾಯಿ ಸಿಕ್ಕಿತು ಎನ್ನಿ. 31,500 ರೂಪಾಯಿಯಲ್ಲಿ ಚಾಕಿ, ಕೂಲಿ, ಔಷಧಿಗೆ 12,000 ಕಳೆದರೆ 19,500 ಉಳಿಯಿತು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿನಿಂದ, ಲೀಟರಿಗೆ 35ರಂತೆ, ತಿಂಗಳಿಗೆ 10,500. ಬೂಸಾ, ಹಿಂಡಿಗೆ ಅರ್ಧ ಹೋದರೂ ಐದು ಸಾವಿರ ಉಳಿಯುತ್ತದೆ. ಮುಂದಿನ ಬೆಳೆಗೆ ಹಾಲುತೊಂಡೆ ರೋಗ ಬಿತ್ತು. ಗೂಡು ಬರಲಿಲ್ಲ, ಹಾಕಿದ ಖರ್ಚೂ ಮುಳುಗಿತು. ಹಾಲಿನ ಐದು ಸಾವಿರ ದಿನಸಿಗೆ ಸಾಕು, ಹೊಸ ಚಾಕಿಗೆ ಸಾಲದು. ಆದ್ದರಿಂದ ಒಳ್ಳೆಯ ಬೆಳೆಯ ಹಣದಲ್ಲಿ ಮುಂದಿನ ಬೆಳೆಯ ಖರ್ಚಿನಷ್ಟನ್ನು ಮೊದಲೇ ತೆಗೆದಿಡಬೇಕು. ಹಾಗೆ ಮಾಡದ ಮನೆ ಸಾಲ ಮಾಡಿಯೇ ಮುಂದಿನ ಹುಳು ತರುತ್ತದೆ.

ಹಾಲಿಗೂ ಬಿಡುವಿನ ಕಾಲವಿದೆ. ಕರು ಹಾಕುವ ಮುಂಚಿನ ಸುಮಾರು ಎರಡು ತಿಂಗಳು ಹಸುವಿನ ಹಾಲು ಬತ್ತಿಸಬೇಕು. ಎರಡು ಹಸು ಒಟ್ಟಿಗೆ ಕರು ಹಾಕಿದರೆ ಒಟ್ಟಿಗೇ ಬತ್ತುತ್ತವೆ. ಎರಡನೆಯದಕ್ಕೆ ನಾಲ್ಕೈದು ತಿಂಗಳು ತಡವಾಗಿ ಗರ್ಭ ಕಟ್ಟಿಸಿದರೆ ಡೇರಿಗೆ ಹಾಲು ಹಾಕುವುದು ನಿಲ್ಲುವುದಿಲ್ಲ.

ಇಷ್ಟು ಜಾಗ್ರತೆ ಮಾಡಿದರೂ ಒಂದು ಅಪಾಯ ಉಳಿಯುತ್ತದೆ. ಹಿಪ್ಪುನೇರಳೆಗೂ ಹಸಿಮೇವಿಗೂ ನೀರು ಬರುವುದು ಒಂದೇ ಕೊಳವೆಬಾವಿಯಿಂದ. ಅದು ಬತ್ತಿದ ಬೇಸಿಗೆಯಲ್ಲಿ ಸೊಪ್ಪೂ ಇಲ್ಲ, ಹಾಲೂ ಇಲ್ಲ. ಹೆಸರಿಗೆ ಎರಡು ಆದಾಯ, ಸೋಲಿಗೆ ಕಾರಣ ಒಂದೇ.

ಹಾಗಾಗಿ ಮೂರನೆಯದು ನೀರನ್ನು ನಂಬಿರಬಾರದು. ಮನೆಯಲ್ಲೇ ನಡೆಯುವ ಹೊಲಿಗೆ ಇದಕ್ಕೆ ಹೊಂದುತ್ತದೆ. ಬೇಸಿಗೆಯಲ್ಲಿ ಮದುವೆಗಳು ಹೆಚ್ಚು. ಊರಲ್ಲಿ ನೀರು ಕಡಿಮೆಯಾಗುವ ಹೊತ್ತಿಗೇ ರವಿಕೆಗಳು ಬರುತ್ತವೆ. ಕೈಕೆಲಸದ ಹೊತ್ತನ್ನೂ ನೋಡಬೇಕು. ನಾಲ್ಕನೇ ಜ್ವರದಿಂದ ಎದ್ದ ಹುಳು ಕೊನೆಯ ಒಂದು ವಾರದಲ್ಲಿ ತಿನ್ನುವ ಸೊಪ್ಪು, ಅದುವರೆಗೆ ತಿಂದದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆಗ ಮನೆಮಂದಿಗೆಲ್ಲ ಹುಳುಮನೆಯಲ್ಲೇ ಕೆಲಸ. ಹೊತ್ತಿಗೆ ಸರಿಯಾಗಿ ಹಾಲು ಕರೆಯಲೇಬೇಕು, ರವಿಕೆಯನ್ನು ಮಾತ್ರ ಹೇಳಿ ಒಂದು ವಾರ ಮುಂದೆ ಹಾಕಬಹುದು. ದಿನ ನಿಗದಿಯಾದ ಮದುವೆ ಬಟ್ಟೆಯನ್ನು ಆ ವಾರಕ್ಕೆ ಒಪ್ಪಿಕೊಳ್ಳದಿದ್ದರೆ ಆಯಿತು.

ಹೊಸದೊಂದು ಆದಾಯ ಸೇರಿಸುವ ಮುನ್ನ ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು, ಪ್ರತಿ ಆದಾಯ ಯಾವ ತಿಂಗಳು ಕುಗ್ಗುತ್ತದೆ, ಯಾವ ಕಾರಣಕ್ಕೆ ಎಂದು ಪಕ್ಕದಲ್ಲಿ ಗುರುತಿಸಿ. ಒಂದೇ ಕಾರಣ ಎರಡು ಕಡೆ ಕಂಡರೆ, ಆ ಎರಡನ್ನು ಒಂದೆಂದೇ ಎಣಿಸಿ.