ದಾನದ ಷರತ್ತು ಮತ್ತು ಬಸದಿಯ ಲೆಕ್ಕಪತ್ರ

ಶ್ರವಣಬೆಳಗೊಳದ ಶಾಸನಗಳಲ್ಲಿ ಗೊಮ್ಮಟನ ನಿತ್ಯಾಭಿಷೇಕದ ಹಾಲಿಗೆಂದು ಗದ್ಯಾಣಗಳನ್ನು ಇಟ್ಟವರ ಉಲ್ಲೇಖಗಳಿವೆ. ಅಸಲು ಉಳಿಯಬೇಕು, ಅದರ ಬಡ್ಡಿಯಿಂದ ಹಾಲು ನಡೆಯಬೇಕು ಎಂಬುದು ಆ ದತ್ತಿಗಳ ಕಟ್ಟಳೆ. ದಾನವನ್ನೂ ಅದರ ಷರತ್ತನ್ನೂ ಒಂದೇ ಕಲ್ಲಿನಲ್ಲಿ ಕೆತ್ತಿಸಿದ ಸಮಾಜವೇ ಇಂದು ತನ್ನ ಟ್ರಸ್ಟುಗಳ ಲೆಕ್ಕಪತ್ರದಲ್ಲಿ ದಾನದ ಮೊತ್ತವನ್ನು ಬರೆದು ಷರತ್ತನ್ನು ಕೈಬಿಡುತ್ತಿದೆ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಹಾರಾಷ್ಟ್ರದ ನಗರವೊಂದರ ಬಸದಿ ಟ್ರಸ್ಟಿಗೆ ದಾನಿಯೊಬ್ಬರು 10 ಲಕ್ಷ ರೂಪಾಯಿ ಕೊಡುತ್ತಾರೆ. ಅಸಲನ್ನು ಮುಟ್ಟಬಾರದು, ಬಡ್ಡಿಯನ್ನು ಬಡ ವಿದ್ಯಾರ್ಥಿನಿಯರ ವೇತನಕ್ಕೆ ಮಾತ್ರ ಬಳಸಬೇಕು ಎಂಬುದು ಅವರ ಪತ್ರದ ಮಾತು. ಇನ್ನೊಬ್ಬರು ಗ್ರಂಥಾಲಯಕ್ಕೆಂದು 6 ಲಕ್ಷ ಕೊಡುತ್ತಾರೆ. ಅದರಲ್ಲಿ 1 ಲಕ್ಷ ಖರ್ಚಾಗಿ 5 ಲಕ್ಷ ಉಳಿದಿದೆ. ವಿದ್ಯಾನಿಧಿಯ ಠೇವಣಿಗೆ ಶೇ. 7ರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬರುತ್ತದೆ. ವಿದ್ಯಾರ್ಥಿವೇತನಕ್ಕೆ ಹೋದದ್ದು 40,000. ಉಳಿದ 30,000 ಟ್ರಸ್ಟಿನ ಸಾಮಾನ್ಯ ಆದಾಯದಲ್ಲಿ ಸೇರಿ ಪೂಜೆಯ, ವಿದ್ಯುತ್ತಿನ, ಸಂಬಳದ ಖರ್ಚಿನಲ್ಲಿ ಕರಗುತ್ತದೆ. ಐದು ವರ್ಷಕ್ಕೆ ಹೀಗೆ ಕರಗಿದ್ದು ಒಂದೂವರೆ ಲಕ್ಷ. ಐದನೆಯ ವರ್ಷದ ಕೊನೆಗೆ ಸಭಾಭವನದ ಕಾಮಗಾರಿಯ ವೆಚ್ಚ ಮೀರಿ, ಠೇವಣಿಯ ಒಂದು ಭಾಗವನ್ನು ಮುರಿದು ಗುತ್ತಿಗೆದಾರನಿಗೆ ಕೊಡಲಾಗುತ್ತದೆ.

ಇಲ್ಲಿ ಕಳವಿಲ್ಲ, ಪ್ರತಿ ಪಾವತಿಗೂ ರಸೀದಿಯಿದೆ. ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ, 1950ರ ಅಡಿಯ ನಿಯಮಗಳಂತೆ ಲೆಕ್ಕಪರಿಶೋಧಕನು ಟ್ರಸ್ಟಿನ ಹಣ ಟ್ರಸ್ಟಿನ ಉದ್ದೇಶಕ್ಕೆ ಹೊರತಾಗಿ ಬಳಕೆಯಾಗಿದೆಯೇ ಎಂಬುದನ್ನು ವರದಿ ಮಾಡಬೇಕು. ಸಭಾಭವನವೂ ಟ್ರಸ್ಟಿನ ಉದ್ದೇಶಗಳಲ್ಲಿ ಒಂದಾದ್ದರಿಂದ ಅಲ್ಲಿ ‘ಇಲ್ಲ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಟ್ರಸ್ಟಿನ ಉದ್ದೇಶ ಬೇರೆ, ದಾನಿಯ ಉದ್ದೇಶ ಬೇರೆ. ಮೊದಲನೆಯದು ವಿಶಾಲ, ಎರಡನೆಯದು ಇಕ್ಕಟ್ಟು. ಷರತ್ತು ಮುರಿಯುವುದು ಈ ಎರಡರ ನಡುವಿನ ಸಂದಿನಲ್ಲಿ.

ಅದನ್ನು ಪತ್ತೆಹಚ್ಚುವ ಬಗೆ ಕಷ್ಟದ್ದಲ್ಲ. ಆಸ್ತಿ-ಹೊಣೆ ಪಟ್ಟಿಯ ಹೊಣೆಯ ಬದಿಯಲ್ಲಿ ವಿದ್ಯಾನಿಧಿ 10 ಲಕ್ಷ, ಗ್ರಂಥಾಲಯ ನಿಧಿ 5 ಲಕ್ಷ ಎಂದಿದೆ. ವೇತನಕ್ಕೆ ಸಲ್ಲಬೇಕಾದ ಬಡ್ಡಿಯ ಬಾಕಿ ಒಂದೂವರೆ ಲಕ್ಷ ಸೇರಿಸಿದರೆ ಟ್ರಸ್ಟಿನ ಬಳಿ ಇರಬೇಕಾದ್ದು ಹದಿನಾರೂವರೆ ಲಕ್ಷ. ಆಸ್ತಿಯ ಬದಿಯಲ್ಲಿ ಠೇವಣಿ, ಬ್ಯಾಂಕಿನ ಶಿಲ್ಕು, ನಗದು ಎಲ್ಲ ಕೂಡಿ 9 ಲಕ್ಷ. ಹಾಗಾದರೆ ಷರತ್ತಿನ ಹಣದಲ್ಲಿ ಏಳೂವರೆ ಲಕ್ಷವಾದರೂ ಗೋಡೆ-ಚಾವಣಿಯಲ್ಲೋ ದಿನಖರ್ಚಿನಲ್ಲೋ ಕುಳಿತಿದೆ. ಹೊಣೆಯ ಬದಿಯಲ್ಲಿ ನಿಧಿಯ ಹೆಸರು ಅಳಿಯದೆ ಉಳಿದಿರುವುದರಿಂದಲೇ ವಾರ್ಷಿಕ ಸಭೆಯಲ್ಲಿ ಹಣವೂ ಉಳಿದಿದೆ ಎಂಬ ಭ್ರಮೆ ಹುಟ್ಟುತ್ತದೆ.

ಪರಿಶೋಧಕನು ಇದಕ್ಕೂ ಮೊದಲು ನೋಡಬೇಕಾದದ್ದು ಷರತ್ತಿನ ಮೂಲವನ್ನು: ದಾನಿಯ ಪತ್ರ, ರಸೀದಿಯ ಮೇಲಿನ ಬರಹ, ಸ್ವೀಕರಿಸಿದ ಠರಾವು, ಹಾಗೆಯೇ ಹಣ ಕೇಳಿ ಹಂಚಿದ ವಿಜ್ಞಾಪನಾ ಪತ್ರ. ವಿದ್ಯಾರ್ಥಿವೇತನಕ್ಕೆಂದು ಮನವಿ ಹೊರಡಿಸಿ ಪಡೆದ ಹಣಕ್ಕೆ, ದಾನಿ ಬೇರೆ ಏನನ್ನೂ ಬರೆಯದಿದ್ದರೂ, ಆ ಮನವಿಯೇ ಷರತ್ತೆಂದು ತಿಳಿಯುವುದು ನ್ಯಾಯ. ಬಾಯಿಮಾತಿನ ಷರತ್ತನ್ನು ಮಾತ್ರ ಯಾವ ಪರಿಶೋಧಕನೂ ಕಾಯಲಾರ.

‘ಎಲ್ಲವೂ ಧರ್ಮಕಾರ್ಯವೇ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನವನ್ನು ನಾಲ್ಕಾಗಿ ಎಣಿಸಿದ ಪರಂಪರೆಗೆ ಈ ಪ್ರಶ್ನೆ ಒಪ್ಪುವುದಿಲ್ಲ. ಜೈನ ದೇವಾಲಯದ ವ್ಯವಸ್ಥಾಪಕರೊಬ್ಬರು ಇದೇ 1950ರ ಕಾಯ್ದೆಯನ್ನು ಪ್ರಶ್ನಿಸಿದ ರತಿಲಾಲ್ ಪಾನಾಚಂದ್ ಗಾಂಧಿ ಪ್ರಕರಣದಲ್ಲಿ, ಮೂಲ ಉದ್ದೇಶ ನಡೆಸಲು ಸಾಧ್ಯವಿರುವಾಗ ಧಾರ್ಮಿಕ ಟ್ರಸ್ಟಿನ ಹಣವನ್ನು ಸರ್ಕಾರವಾಗಲಿ ನ್ಯಾಯಾಲಯವಾಗಲಿ ಬೇರೆಡೆ ತಿರುಗಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಹೇಳಿತು. ಸರ್ಕಾರದ ವಿರುದ್ಧ ಸಮಾಜ ಪಡೆದ ಈ ರಕ್ಷಣೆಯನ್ನು ಸಮಾಜದ ಟ್ರಸ್ಟಿಗಳೇ ಒಂದು ಠರಾವೂ ಇಲ್ಲದೆ ಮುರಿಯುವುದು ಎಷ್ಟು ಸರಿ?

ಚಾವಣಿ ಸೋರುವಾಗ ಠೇವಣಿಯನ್ನು ನೋಡುತ್ತ ಕುಳಿತಿರಲು ಸಾಧ್ಯವೇ ಎಂಬ ವಾದದಲ್ಲಿ ಹುರುಳಿದೆ. ಅದಕ್ಕೆ ದಾರಿ ದಾನಿಯ ಲಿಖಿತ ಒಪ್ಪಿಗೆ. ದಾನಿ ಇಲ್ಲದಿದ್ದು ಉದ್ದೇಶವೇ ನಡೆಸಲಾರದಂತಾಗಿದ್ದರೆ ಕಾನೂನಿನ ಮೂಲಕ ಬದಲಾವಣೆ ಕೋರಬೇಕು. ದಾನಿಗಳೂ ಪತ್ರದಲ್ಲಿ ‘ಇದಕ್ಕೆ ಅರ್ಹರು ದೊರೆಯದಿದ್ದರೆ ಇತರ ಶೈಕ್ಷಣಿಕ ಕಾರ್ಯಕ್ಕೆ’ ಎಂಬ ಒಂದು ಸಾಲು ಸೇರಿಸಿದರೆ ಮುಂದಿನ ತೊಡಕು ಎಷ್ಟೋ ಕಡಿಮೆಯಾಗುತ್ತದೆ.

ಮುಂದಿನ ವಾರ್ಷಿಕ ಸಭೆಯಲ್ಲಿ ಸದಸ್ಯರು ಒಂದೇ ಹಾಳೆಯನ್ನು ಕೇಳಲಿ. ಪ್ರತಿ ನಿಧಿಯ ಮುಂದೆ ವರ್ಷಾರಂಭದ ಮೊತ್ತ, ಬಂದ ದಾನ, ಬಂದ ಬಡ್ಡಿ, ಆದ ಖರ್ಚು, ಉಳಿಕೆ, ಮತ್ತು ಆ ಉಳಿಕೆ ಯಾವ ಬ್ಯಾಂಕಿನ ಯಾವ ಠೇವಣಿಯಲ್ಲಿದೆ ಎಂಬ ವಿವರ ಅದರಲ್ಲಿರಲಿ. ಕೊನೆಯ ಅಂಕಣವನ್ನು ತುಂಬಲಾಗದ ಟ್ರಸ್ಟು ಹೊಸ ನಿಧಿಗೆ ಮನವಿ ಹೊರಡಿಸುವ ಮೊದಲು ಹಳೆಯದನ್ನು ತುಂಬಿಕೊಡುವ ದಿನಾಂಕವನ್ನು ಸಭೆಗೆ ತಿಳಿಸಲಿ.