ಕಾಫಿಗೆ ಯಾವ ಹಾಲು? ಫ್ಯಾಟ್ ಒಂದೇ ನೋಡಿದರೆ ಸಾಲದು



ಎಮ್ಮೆ ಹಾಲಿನ ಕಾಫಿಯೇ ಕಾಫಿ, ಸೀಮೆಹಸುವಿನ ಹಾಲಿನದು ಬರೀ ಬಣ್ಣದ ನೀರು ಎನ್ನುವ ಮಾತು ನಮ್ಮ ಸಂಘಗಳ ಜಗಲಿಯಲ್ಲಿ ದಿನಾ ಕೇಳುತ್ತದೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಕಾಫಿ ಕೆಡುವುದು ಹಾಲು ತೆಳುವಾಗಿದ್ದಕ್ಕಿಂತ ಹೆಚ್ಚಾಗಿ ಅದನ್ನು ಒಲೆಯ ಮೇಲೆ ಬಿಡುವ ರೀತಿಯಿಂದ, ಮತ್ತು ಮನೆಗೆಂದು ಯಾವ ಹಾಲನ್ನು ಎತ್ತಿಡುತ್ತೇವೆ ಎಂಬುದರಿಂದ.

ಮೊದಲು ಫ್ಯಾಟಿನ ವಿಚಾರ. ನಮ್ಮ ಮಿಶ್ರತಳಿ ಹಸುವಿನ ಹಾಲಿನಲ್ಲಿ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕರಷ್ಟು ಫ್ಯಾಟ್ ಇರುತ್ತದೆ, ಎಮ್ಮೆಯದರಲ್ಲಿ ಆರರಿಂದ ಎಂಟು. ಜಿಡ್ಡು ನಾಲಿಗೆಯ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ, ಕಾಫಿಯ ಕಹಿ ಅಷ್ಟು ತೀಕ್ಷ್ಣವಾಗಿ ತಾಗುವುದಿಲ್ಲ. ಕಾಫಿಯ ಪರಿಮಳದ ಬಹುಪಾಲು ಜಿಡ್ಡಿನಲ್ಲಿ ಕರಗುವಂಥದ್ದು. ಹಾಗಾಗಿ ಗಟ್ಟಿ ಹಾಲಿನಲ್ಲಿ ಘಮ ಒಮ್ಮೆಲೇ ಮೂಗಿಗೆ ಏರದೆ, ನುಂಗಿದ ಮೇಲೂ ಬಾಯಲ್ಲಿ ಉಳಿಯುತ್ತದೆ. ಇದರ ಜೊತೆಗೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಕಾಫಿಯ ಒಗರನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಮ್ಮೆ ಹಾಲಿನಲ್ಲಿ ಕೇಸಿನ್ ಕೂಡ ಹೆಚ್ಚು. ಎರಡೂ ಸೇರಿದಾಗ ಕಾಫಿ ಮೆತ್ತಗಾಗುತ್ತದೆ, ಆದರೆ ಡಿಕಾಕ್ಷನ್ ಹೆಚ್ಚಿಸದಿದ್ದರೆ ಕಾಫಿಯೇ ಮುಳುಗಿಹೋಗುತ್ತದೆ.

ನಮ್ಮ ಮನೆಯಲ್ಲಿ ಒಂದು ಭಾನುವಾರ ಇದನ್ನು ಅಳತೆ ಇಟ್ಟು ನೋಡಿದೆವು. ಒಂದೇ ಫಿಲ್ಟರಿನಲ್ಲಿ ಇಳಿದ ಮೊದಲ ಡಿಕಾಕ್ಷನ್, ಪುಡಿಯಲ್ಲಿ ಚಿಕೋರಿ ಐದರಲ್ಲಿ ಒಂದು ಭಾಗ. 90 ಮಿಲಿ ಹಸುವಿನ ಹಾಲಿಗೆ 30 ಮಿಲಿ ಡಿಕಾಕ್ಷನ್ ಹಾಕಿದಾಗ ಬಣ್ಣ, ಕಹಿ, ಘಮ ಮೂರೂ ಸರಿ ಬಂತು. ಅದೇ ಅಳತೆಯಲ್ಲಿ ಎಮ್ಮೆ ಹಾಲು ಹಾಕಿದರೆ ಬಿಳಿಚಿಕೊಂಡ, ಬಿಸಿ ಹಾಲಿನಂಥ ಕಾಫಿ. ಎಮ್ಮೆ ಹಾಲಿನಲ್ಲಿ ಹಸುವಿನ ಹಾಲಿನ ಹಳದಿ ಛಾಯೆ ಇಲ್ಲವಲ್ಲ, ಕಣ್ಣಿಗೂ ಅದು ಸಪ್ಪೆಯೇ. ಡಿಕಾಕ್ಷನ್ನನ್ನು 40 ಮಿಲಿಗೆ ಏರಿಸಿದ ಮೇಲೆ ಸರಿಹೋಯಿತು. ಆದರೆ ಲೋಟ ಮುಗಿಯುವ ಹೊತ್ತಿಗೆ ತುಟಿಗೆ ಜಿಡ್ಡು ಅಂಟುತ್ತಿತ್ತು. ಎಲ್ಲರಿಗೂ ಹಿಡಿಸಿದ್ದು ಎರಡು ಭಾಗ ಹಸುವಿನ ಹಾಲಿಗೆ ಒಂದು ಭಾಗ ಎಮ್ಮೆ ಹಾಲು ಬೆರೆಸಿದ್ದು. ಲೆಕ್ಕ ಹಾಕಿ ನೋಡಿ: ಮೂರೂವರೆಯ ಎರಡು ಪಾಲು, ಏಳರ ಒಂದು ಪಾಲು, ಕೂಡಿಸಿ ಮೂರರಿಂದ ಭಾಗಿಸಿದರೆ ಸುಮಾರು 4.7. ಪ್ಯಾಕೆಟ್ಟಿನಲ್ಲಿ ಬರುವ ಸ್ಟ್ಯಾಂಡರ್ಡೈಸ್ಡ್ ಹಾಲಿನ ನಾಲ್ಕೂವರೆಗೆ ಇದು ಹತ್ತಿರ. ನನ್ನ ಅಭಿಪ್ರಾಯದಲ್ಲಿ ಕಾಫಿಗೆ ಅಷ್ಟು ಸಾಕು.

ಎಮ್ಮೆ ಇಲ್ಲದ ಮನೆಯವರು ಬೇಸರಪಡಬೇಕಿಲ್ಲ. ಒಂದೇ ಹಸುವಿನ ಒಂದೇ ಹೊತ್ತಿನ ಹಾಲಿನಲ್ಲೂ ಫ್ಯಾಟ್ ಒಂದೇ ಸಮ ಇರುವುದಿಲ್ಲ. ಕರೆಯಲು ಕೂತಾಗ ಮೊದಲು ಬರುವ ಹಾಲು ತೀರ ತೆಳು, ಒಂದೆರಡು ಫ್ಯಾಟ್ ಇದ್ದರೆ ಹೆಚ್ಚು. ಕೆಚ್ಚಲು ಬರಿದಾಗುವಾಗ ಬರುವ ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಎಷ್ಟೋ ಮನೆಗಳಲ್ಲಿ ಮೊದಲ ಚೊಂಬು ತುಂಬಿದ ಕೂಡಲೇ ಕಾಫಿಗೆ ಒಳಗೆ ಹೋಗುತ್ತದೆ, ಆಮೇಲೆ ಹಸುವಿನ ಹಾಲು ನೀರು ಎಂಬ ದೂರು. ಇದಕ್ಕೆ ತಿರುಗಾಮುರುಗಾ, ಕೊನೆಯ ಗಟ್ಟಿ ಹಾಲನ್ನು ಮನೆಗೆ ಇಟ್ಟುಕೊಳ್ಳುವವರೂ ಇದ್ದಾರೆ. ಅವರ ಕಾಫಿ ಚೆನ್ನಾಗಿರುತ್ತದೆ, ಡೇರಿಯ ಚೀಟಿಯಲ್ಲಿ ಫ್ಯಾಟ್ ಬಿದ್ದಿರುತ್ತದೆ. ಯಂತ್ರ ಮೋಸ ಮಾಡಿತು ಎಂದು ಕಾರ್ಯದರ್ಶಿಯ ಮೇಲೆ ಜಗಳಕ್ಕೆ ನಿಲ್ಲುವ ಮುನ್ನ ಅಡುಗೆಮನೆ ನೋಡಿ. ಪೂರ್ತಿ ಕರೆದು, ಬಕೆಟ್ಟಿನಲ್ಲಿ ಕಲಕಿ, ಆಮೇಲೆ ಮನೆಗೆ ತೆಗೆದುಕೊಳ್ಳುವುದೇ ಸರಿ.

ಇನ್ನು ಕುದಿಸುವುದು. ಕಾಫಿ ಬಲ್ಲವರು ಕೆಲವರು ಹಾಲನ್ನು ಬರೀ ಬಿಸಿ ಮಾಡಿದರೆ ಸಾಕು, ಕುದಿಸಿದರೆ ರುಚಿ ಹೋಗುತ್ತದೆ ಎನ್ನುತ್ತಾರೆ. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲಿಗೆ ಆ ಮಾತು ನಡೆಯಬಹುದು. ಕೊಟ್ಟಿಗೆಯಿಂದ ನೇರ ಬಂದ ಹಾಲಿಗೆ ಖಂಡಿತ ಇಲ್ಲ. ಕ್ಷಯ, ಬ್ರುಸೆಲ್ಲಾದಂಥ ರೋಗಾಣುಗಳು ಹಸಿ ಹಾಲಿನ ಮೂಲಕ ಮನುಷ್ಯರಿಗೆ ಬರುತ್ತವೆ. ಕಂದು ಹಾಕಿದ ಹಸು ಇರುವ ಮನೆಗಳಲ್ಲಂತೂ ಇದರಲ್ಲಿ ರಾಜಿ ಬೇಡ. ಸಮಾಧಾನದ ವಿಷಯವೆಂದರೆ ಈ ರೋಗಾಣುಗಳು ಸಾಯಲು ಒಂದು ಸರಿಯಾದ ಕುದಿ ಸಾಕು. ಗಟ್ಟಿ ಹಾಲಿನಲ್ಲಿ ಕೆನೆಯ ಪದರ ಆವಿಯನ್ನು ತಡೆಯುವುದರಿಂದ ಒಳಗೆ ಪೂರ್ತಿ ಕಾಯುವ ಮೊದಲೇ ಮೇಲಕ್ಕೆ ಉಕ್ಕಿ ಬರುವುದುಂಟು. ಆದ್ದರಿಂದ ಮೊದಲ ಉಕ್ಕಿಗೆ ಉರಿ ತಗ್ಗಿಸಿ, ಸೌಟಿನಿಂದ ಕಲಕಿ, ಇನ್ನೊಮ್ಮೆ ಉಕ್ಕಲು ಬಿಟ್ಟು ಇಳಿಸಿ. ಒಂದೆರಡು ನಿಮಿಷದ ಕೆಲಸ.

ಅದಕ್ಕಿಂತ ಮುಂದೆ ಕುದಿಸಿದರೆ ರೋಗದ ಲೆಕ್ಕದಲ್ಲಿ ಲಾಭವಿಲ್ಲ, ರುಚಿ ಮಾತ್ರ ಬೇರೆಯಾಗುತ್ತದೆ. ಹಾಲು ಕುದಿಯುವ ಹಂತಕ್ಕೆ ಬರುವಾಗ ಅದರ ವ್ಹೇ ಪ್ರೋಟೀನುಗಳು ಬಿಚ್ಚಿಕೊಂಡು ಸ್ವಲ್ಪ ಗಂಧಕದ ವಾಸನೆ ಬಿಡುತ್ತವೆ. ಕಾದ ಹಾಲಿನ ವಾಸನೆ ಎನ್ನುತ್ತೇವಲ್ಲ, ಅದೇ. ಹತ್ತು ಹದಿನೈದು ನಿಮಿಷ ಕುದಿ ಮುಂದುವರಿದರೆ ಹಾಲಿನ ಸಕ್ಕರೆ ಮತ್ತು ಪ್ರೋಟೀನು ಕೂಡಿ ಕೋವಾದ ರುಚಿಯತ್ತ ಹೋಗುತ್ತವೆ, ಬಣ್ಣ ಕೆನೆಗೆಂಪಾಗುತ್ತದೆ. ನೀರು ಆರಿ ಸಿಹಿಯೂ ಏರುತ್ತದೆ. ಅದೂ ಒಂದು ರುಚಿಯೇ. ಚಿಕೋರಿ ಹೆಚ್ಚಿರುವ ಕಪ್ಪು ಡಿಕಾಕ್ಷನ್ನಿಗೆ ಅದು ಹೊಂದುತ್ತದೆ, ಸಕ್ಕರೆಯೂ ಕಡಿಮೆ ಸಾಕು. ಒಳ್ಳೆಯ ಪುಡಿಯ ತಾಜಾ ಡಿಕಾಕ್ಷನ್ ಹಾಕುವವರಿಗೆ ಮಾತ್ರ ಅದು ನಷ್ಟ, ಕಾಫಿಯ ಘಮದ ಮೇಲೆ ಹಾಲೇ ಸವಾರಿ ಮಾಡುತ್ತದೆ.

ನನಗೆ ನಿಜವಾಗಿ ಹಿಡಿಸದಿರುವುದು ಬೆಳಗ್ಗೆ ಕಾಸಿದ ಪಾತ್ರೆಯನ್ನೇ ನೆಂಟರು ಬಂದಾಗಲೆಲ್ಲ ಮತ್ತೆ ಒಲೆಗೆ ಇಡುವುದು. ಪ್ರತಿ ಸಲ ಕೆನೆ ಕಟ್ಟಿ ಬೇರೆಯಾಗುತ್ತದೆ, ಅದನ್ನು ಬೆಣ್ಣೆಗೆಂದು ತೆಗೆದಿಟ್ಟರೆ ಫ್ಯಾಟ್ ಅದರೊಂದಿಗೆ ಹೋಯಿತು. ಉಳಿದ ಹಾಲಿಗೆ ತಳ ಹಿಡಿದ ವಾಸನೆ. ಸಂಜೆಯ ಕಾಫಿ ತೆಳ್ಳಗೂ ಇದ್ದು ಕಮಟೂ ಆಗಿರಲು ಕಾರಣ ಇಷ್ಟೇ. ಬೆಣ್ಣೆಗೊಂದು ಪಾತ್ರೆ, ಕಾಫಿಗೊಂದು ಪಾತ್ರೆ ಬೇರೆ ಮಾಡಿ. ಬೇಕಾದಷ್ಟನ್ನು ಮಾತ್ರ ಸಣ್ಣ ಪಾತ್ರೆಗೆ ಬಗ್ಗಿಸಿ ಬಿಸಿ ಮಾಡಿ.

ಕೊನೆಯದಾಗಿ, ಪಶುವೈದ್ಯನಾಗಿ ಹೇಳಲೇಬೇಕಾದದ್ದು. ಸಕ್ಕರೆ ಹಾಕಿದರೂ ಕಾಫಿ ಸ್ವಲ್ಪ ಉಪ್ಪುಪ್ಪು ಎನಿಸಿದರೆ, ಡಿಕಾಕ್ಷನ್ ಬಿದ್ದ ಕೂಡಲೇ ಹಾಲು ಸಣ್ಣ ಸಣ್ಣ ಕಣವಾಗಿ ಒಡೆದರೆ, ಪುಡಿಯನ್ನು ಬೈಯಬೇಡಿ. ಪಾತ್ರೆ ತೊಳೆದದ್ದು ಸರಿಯಿಲ್ಲದೆ ಹಾಲು ಹುಳಿಯತ್ತ ತಿರುಗಿದ್ದರೂ ಒಡೆಯುತ್ತದೆ, ಏಕೆಂದರೆ ಕಾಫಿಯೇ ಸ್ವಲ್ಪ ಆಮ್ಲ. ಆಗಷ್ಟೇ ಕರೆದ ಹಾಲು ಉಪ್ಪಾಗಿದ್ದರೆ ಮಾತ್ರ ಕೆಚ್ಚಲು ನೋಡಬೇಕು. ಕೆಚ್ಚಲು ಬಾವಿನಲ್ಲಿ ಹಾಲಿನ ಸಕ್ಕರೆ ಇಳಿದು ಉಪ್ಪಿನಂಶ ಏರುತ್ತದೆ, ಊತ ಕಣ್ಣಿಗೆ ಕಾಣುವ ಮೊದಲೇ. ಹಾಲು ಬತ್ತಿಸುವ ಹತ್ತಿರದ ಗಬ್ಬದ ಹಸುವಿನಲ್ಲೂ ಹೀಗಾಗಬಹುದು. ನಾಲ್ಕೂ ಮೊಲೆಗಳ ಮೊದಲ ಹಾಲನ್ನು ಬೇರೆ ಬೇರೆಯಾಗಿ ಕಪ್ಪು ತಟ್ಟೆಯ ಮೇಲೆ ಹಿಂಡಿ ನೋಡಿ, ಗರಣೆ ಕಂಡರೆ ನಮಗೆ ಫೋನ್ ಮಾಡಿ. ಚಿಕಿತ್ಸೆ ಕೊಡಿಸಿದ ಹಸುವಿನ ಹಾಲನ್ನು ಡೇರಿಗೆ ಹಾಕಬಾರದು ಎಂದು ಮನೆಯ ಕಾಫಿಗೆ ಬಳಸುವವರನ್ನು ನೋಡಿದ್ದೇನೆ. ಕುದಿಸಿದರೆ ರೋಗಾಣು ಸಾಯುತ್ತದೆ, ಆ್ಯಂಟಿಬಯಾಟಿಕ್ ಹೋಗುವುದಿಲ್ಲ. ವೈದ್ಯರು ಹೇಳಿದಷ್ಟು ದಿನ ಆ ಹಾಲು ಚೆಲ್ಲಿ, ಮಕ್ಕಳ ಲೋಟಕ್ಕೂ ಬೇಡ, ನಿಮ್ಮ ಕಾಫಿಗೂ ಬೇಡ.