ಕಡಲಲ್ಲಿರುವವರಿಗೆ ಯಾವ ಅಲರ್ಟ್?

2017ರ ಓಖಿ ಚಂಡಮಾರುತದ ಬಳಿಕ ಕೇರಳದಲ್ಲಿ ನಡೆದದ್ದು ಗಂಟೆಗಳ ಜಗಳ. ನವೆಂಬರ್ 29ರಂದೇ ಮೀನುಗಾರರು ಕಡಲಿಗಿಳಿಯಬಾರದೆಂದು ತಿಳಿಸಿದ್ದೆವು ಎಂದಿತು ಹವಾಮಾನ ಇಲಾಖೆ. ಚಂಡಮಾರುತದ ಎಚ್ಚರಿಕೆ ನಮ್ಮ ಕೈಗೆ ಬಂದದ್ದು 30ರ ಮಧ್ಯಾಹ್ನ ಎಂದಿತು ರಾಜ್ಯ ಸರ್ಕಾರ. ಇವರಿಬ್ಬರಲ್ಲಿ ಯಾರ ಮಾತು ಸರಿ ಎಂದು ತೀರ್ಮಾನಿಸಿದರೂ ತಿರುವನಂತಪುರ, ಕನ್ಯಾಕುಮಾರಿಯ ಮೀನುಗಾರರ ಮನೆಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಅವರ ಗಂಡಸರು ಅಷ್ಟರಲ್ಲಾಗಲೇ ಕಡಲಲ್ಲಿದ್ದರು. 29ರಂದು ಇನ್ನೂ ವಾಯುಭಾರ ಕುಸಿತವಾಗಿದ್ದದ್ದು 30ರ ಬೆಳಿಗ್ಗೆ ಚಂಡಮಾರುತವಾಗಿತ್ತು.

ನನ್ನ ಆಕ್ಷೇಪ ಇರುವುದು ಎಚ್ಚರಿಕೆ ತಡವಾಯಿತು ಎಂಬುದರ ಬಗ್ಗೆಯಷ್ಟೇ ಅಲ್ಲ. ನಮ್ಮ ಎಚ್ಚರಿಕೆಯ ಹಂತಗಳು ಗಂಟೆಯನ್ನು ದಡದಿಂದ ಎಣಿಸುತ್ತವೆ. ಕರಾವಳಿಯಲ್ಲಿ ಹವೆ ಕೆಡುವುದಕ್ಕೆ 72 ಗಂಟೆ ಮೊದಲು ಚಂಡಮಾರುತ ಪೂರ್ವ ನಿಗಾ, 48 ಗಂಟೆ ಮೊದಲು ಹಳದಿಯ ಅಲರ್ಟ್, 24 ಗಂಟೆ ಮೊದಲು ಕಿತ್ತಳೆಯ ವಾರ್ನಿಂಗ್. ಚಂಡಮಾರುತ ದಡ ಮುಟ್ಟಲು 12 ಗಂಟೆ ಇರುವಾಗ ಕೆಂಪು ಬಣ್ಣದ ಕೊನೆಯ ಹಂತ; ಒಳನಾಡಿಗೆ ನುಗ್ಗಿದ ಮೇಲೆ ಅದೇನು ಮಾಡೀತು ಎಂಬುದನ್ನೂ ಅದು ಹೇಳುತ್ತದೆ. ಮೊದಲ ಹಂತದ ಸೂಚನೆ ಹೋಗುವುದು ಮುಖ್ಯ ಕಾರ್ಯದರ್ಶಿಯಂಥ ಹಿರಿಯ ಅಧಿಕಾರಿಗಳಿಗೆ. ಮೀನುಗಾರನ ಮನೆಗೆ ಅತ್ಯಂತ ಬೇಕಾದ ಸುದ್ದಿ ಇದೇ.

ಯಾಕೆಂದರೆ, ದಡದಿಂದ 400 ಕಿಲೋಮೀಟರ್ ದೂರದಲ್ಲಿ ಬಲೆ ಬಿಟ್ಟಿರುವ ಆಳಸಮುದ್ರದ ಬೋಟನ್ನು ನೆನೆಯಿರಿ. ಗಂಟೆಗೆ 15 ಕಿಲೋಮೀಟರ್ ಓಡುವ ಆ ಬೋಟು ನೆಮ್ಮದಿಯ ಕಡಲಲ್ಲಿ ವಾಪಸ್ ಬರಲು ಸುಮಾರು 27 ಗಂಟೆ ಬೇಕು. ಬಲೆ ಎಳೆಯುವ ಹೊತ್ತು, ಎದುರುಗಾಳಿ ಬೇರೆ. 24 ಗಂಟೆಯ ಕಿತ್ತಳೆ ವಾರ್ನಿಂಗ್ ಕೇಳಿ ಹೊರಟರೆ ಅದು ಬಂದರು ಸೇರುವುದೇ ಇಲ್ಲ. ಜೊತೆಗೆ ಮೊಬೈಲ್ ಸಿಗ್ನಲ್ ದಡದಿಂದ ಹತ್ತು ಹನ್ನೆರಡು ಕಿಲೋಮೀಟರಿಗೆ ಮುಗಿಯುತ್ತದೆ. ‘ಕಡಲಿಗೆ ಇಳಿಯಬೇಡಿ’ ಎಂಬ ವಾಕ್ಯ ದಡದಲ್ಲಿ ನಿಂತವನಿಗೆ ಮಾತ್ರ. ಕಡಲಲ್ಲಿರುವವನಿಗೆ ಬೇಕಾದದ್ದು ‘ಈಗಲೇ ತಿರುಗಿ ಬಾ, ಬರಲಾಗದಿದ್ದರೆ ಈ ದಿಕ್ಕಿಗೆ ಹೋಗು’ ಎಂಬ ಮಾತು. ಓಖಿಯಂತೆ ದಡದ ಹತ್ತಿರವೇ ಹುಟ್ಟಿ ಒಂದೇ ದಿನದಲ್ಲಿ ಬಲಿಯುವ ಮಾರುತಕ್ಕೆ 72, 48 ಗಂಟೆಗಳ ಮೆಟ್ಟಿಲುಗಳೇ ಇರುವುದಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ತೊಡಕಿದೆ. 2021ರ ಮೇ 14ರ ರಾತ್ರಿ ಚಂಡಮಾರುತವಾದ ತೌಕ್ತೆ ಕರ್ನಾಟಕದ ದಡ ಮುಟ್ಟಲೇ ಇಲ್ಲ. ಅದು ದಡಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಸಾಗಿ, 17ರಂದು ಗುಜರಾತಿನಲ್ಲಿ ನೆಲ ಮುಟ್ಟಿತು. ಆದರೆ ದಕ್ಷಿಣ ಕನ್ನಡ, ಉಡುಪಿಯ ತೀರದಲ್ಲಿ ಮನೆಗಳು, ತೆಂಗಿನ ಮರಗಳು, ರಸ್ತೆಗಳು ಅಲೆಗೆ ಹೋದದ್ದು ಅದಕ್ಕೂ ಮೊದಲು. ಮಂಗಳೂರಿನ ಆಚೆ ಟಗ್ ಮುಳುಗಿ ಜೀವಹಾನಿಯಾಯಿತು. ಸುದ್ದಿಯಲ್ಲಿ ‘ಗುಜರಾತಿಗೆ ಅಪ್ಪಳಿಸಲಿದೆ’ ಎಂದು ಕೇಳಿ ನೆಮ್ಮದಿಯಾಗಿದ್ದವರ ಅಂಗಳಕ್ಕೇ ಕಡಲು ಬಂದಿತ್ತು.

ಇದರ ಮೇಲೆ ಬಣ್ಣಗಳ ಗೊಂದಲ. ಮಳೆಯ ಜಿಲ್ಲಾವಾರು ಮುನ್ಸೂಚನೆಯಲ್ಲಿ ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಅಲರ್ಟ್, ಕೆಂಪು ಎಂದರೆ ಕೂಡಲೇ ಕ್ರಮ. ಚಂಡಮಾರುತದ ಹಂತಗಳಲ್ಲಿ ಅಲರ್ಟಿನ ಬಣ್ಣ ಹಳದಿ! ಮಳೆಯ ರೆಡ್ ಅಲರ್ಟ್ ಜೂನ್, ಜುಲೈನಲ್ಲಿ ಚಂಡಮಾರುತವೇ ಇಲ್ಲದೆಯೂ ಬರುತ್ತದೆ. ಶಾಲೆಗೆ ರಜೆ ಸಿಗುತ್ತದೆ, ಜನ ಮರೆಯುತ್ತಾರೆ. ವಾಟ್ಸಾಪಿನಲ್ಲಿ ಎರಡೂ ಒಂದೇ ತೆರನಾಗಿ ಓಡಾಡುತ್ತವೆ. ಹೀಗಿರುವಾಗ ‘ಜನ ಎಚ್ಚರಿಕೆಯನ್ನು ಲೆಕ್ಕಿಸುವುದಿಲ್ಲ’ ಎಂದು ಅಧಿಕಾರಿಗಳು ದೂರುವುದು ಅನ್ಯಾಯ.

ಆದ್ದರಿಂದ ಮನೆಯವರು ಕೆಂಪಿಗಾಗಿ ಕಾಯಬಾರದು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಎಂದು ಕೇಳಿದ ಕೂಡಲೇ ಬೋಟಿಗೆ ವೈರ್‌ಲೆಸ್ ಸಂದೇಶ ಹೋಗಬೇಕು. ಹಳದಿ ಬರುವಷ್ಟರಲ್ಲಿ ನಾಡದೋಣಿ ಮೇಲೆ ಎಳೆದು, ಎಂಜಿನ್ ಬಿಚ್ಚಿ ಮನೆಗೆ ತಂದು, ರೇಷನ್ ಕಾರ್ಡು, ಆಸ್ತಿಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿರಬೇಕು. ಕಿತ್ತಳೆಗೆ ಮುದುಕರು, ಮಕ್ಕಳು, ಬಸುರಿಯರು ಹೆಂಚಿನ ಮನೆ ಬಿಟ್ಟು ಗಟ್ಟಿ ಕಟ್ಟಡ ಸೇರಬೇಕು. ಕೆಂಪಿನ ಹೊತ್ತಿಗೆ ರಸ್ತೆಗೆ ಮರ ಬಿದ್ದಿರುತ್ತದೆ. ಆಗ ಹೊರಡುವುದಲ್ಲ, ಇದ್ದಲ್ಲೇ ಇರುವುದು. ನಡುವೆ ಗಾಳಿ ಥಟ್ಟನೆ ನಿಂತರೂ ಹೊರಬರಬಾರದು. ಚಂಡಮಾರುತದ ಕಣ್ಣು ದಾಟಿದ ಮೇಲೆ ಎದುರು ದಿಕ್ಕಿನಿಂದ ಅದೇ ಬಿರುಸಿನ ಗಾಳಿ ಬೀಸುತ್ತದೆ.

ಸರ್ಕಾರ ಮಾಡಬೇಕಾದದ್ದು ಇಷ್ಟು. ಮೊದಲ ಹಂತದ ಸೂಚನೆಯನ್ನು ಅಧಿಕಾರಿಗಳ ಕಡತದಿಂದ ಹೊರತಂದು ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳ ಧ್ವನಿವರ್ಧಕಗಳಲ್ಲಿ ಕನ್ನಡ, ತುಳು, ಕೊಂಕಣಿಯಲ್ಲಿ ಓದಿಸಬೇಕು. ಎಷ್ಟು ದೂರದ ಬೋಟು ಎಷ್ಟು ಗಂಟೆಯೊಳಗೆ ಹೊರಡಬೇಕೆಂದು ಅದರಲ್ಲೇ ಹೇಳಬೇಕು. ಉಪಗ್ರಹದಿಂದ ಸಂದೇಶ ಹಿಡಿಯುವ ಉಪಕರಣಗಳು ಓಖಿಯ ನಂತರ ಬಂದಿವೆ. ಅವು ಆಳಸಮುದ್ರಕ್ಕೆ ಹೋಗುವ ಪ್ರತಿಯೊಂದು ಬೋಟಿನಲ್ಲೂ ಇರುವವರೆಗೆ ‘ನಾವು ಎಚ್ಚರಿಸಿದ್ದೆವು’ ಎಂದು ಹೇಳುವ ಹಕ್ಕು ಯಾವ ಇಲಾಖೆಗೂ ಇಲ್ಲ.